ಗೇರುಬೀಜದ ಗೋದಾಮು ತುಂಬಿಸಲು ಯಾವ ಸಾಲ?

ಕರಾವಳಿಯಲ್ಲಿ ಗೇರುಬೀಜ ಕಾರ್ಖಾನೆ ನಡೆಸುವವರ ಕಷ್ಟವನ್ನು ಒಂದೇ ಮಾತಿನಲ್ಲಿ ಹೇಳಬಹುದು. ಊರಿನ ಬೀಜ ಸಿಗುವುದು ಸುಮಾರು ಮೂರು ತಿಂಗಳು, ಕಾರ್ಖಾನೆ ನಡೆಯಬೇಕಾದದ್ದು ಹನ್ನೆರಡು ತಿಂಗಳು. ಬೇಸಿಗೆಯಲ್ಲಿ ಬೀಜ ಬರುತ್ತದೆ. ಮಳೆ ಹಿಡಿಯುವುದರೊಳಗೆ ಅದನ್ನು ಕೊಂಡು, ಅಂಗಳದಲ್ಲಿ ಒಣಗಿಸಿ, ಗೋಣಿಚೀಲದಲ್ಲಿ ತುಂಬಿ ಗೋದಾಮಿಗೆ ಹಾಕಬೇಕು. ಆಮೇಲೆ ವರ್ಷವಿಡೀ ಸ್ವಲ್ಪ ಸ್ವಲ್ಪವೇ ತೆಗೆದು, ಬೇಯಿಸಿ, ಒಡೆದು, ಬೋರ್ಮಾದಲ್ಲಿ ಒಣಗಿಸಿ, ಸಿಪ್ಪೆ ತೆಗೆದು, ಗ್ರೇಡ್ ಮಾಡಿ ಮಾರಬೇಕು.

ಅಂದರೆ ದುಡ್ಡು ಒಮ್ಮೆಗೇ ಹೋಗುತ್ತದೆ, ಹನಿಹನಿಯಾಗಿ ಬರುತ್ತದೆ. ಒಬ್ಬ ಮಾಲೀಕರು ನನ್ನ ಹತ್ತಿರ ಹೇಳಿದ್ದು ಹೀಗೆ: "ಮೇ ತಿಂಗಳಲ್ಲಿ ದುಡ್ಡು ಸಾಲದು, ಜನವರಿಯಲ್ಲಿ ದುಡ್ಡಿಗೆ ಕೆಲಸ ಇಲ್ಲ." ದಿನನಿತ್ಯದ ವ್ಯವಹಾರಕ್ಕೆ ಬೇಕಾದ ಹಣ, ಅಂದರೆ ದುಡಿಯುವ ಬಂಡವಾಳವನ್ನು ಯಾವ ಸಾಲದಿಂದ ಹೊಂದಿಸಬೇಕು ಎಂಬ ಪ್ರಶ್ನೆ ಪೂರ್ತಿ ಈ ಒಂದು ಮಾತಿನಲ್ಲೇ ಇದೆ.

ಬಿ.ಕಾಂ. ಪುಸ್ತಕಗಳಲ್ಲಿ ಇದಕ್ಕೆ ಎರಡು ತುದಿಯ ಉತ್ತರಗಳಿವೆ. ಒಂದು ಅಗ್ರೆಸಿವ್: ಆದಷ್ಟೂ ಅಲ್ಪಾವಧಿ ಸಾಲದಿಂದ ನಡೆಸು, ಅದು ಅಗ್ಗ. ಇನ್ನೊಂದು ಕನ್ಸರ್ವೇಟಿವ್: ಆದಷ್ಟೂ ದೀರ್ಘಾವಧಿ ಹಣದಿಂದ ನಡೆಸು, ಅದು ಭದ್ರ. ಒಂದರಲ್ಲಿ ಲಾಭ ಜಾಸ್ತಿ, ಇನ್ನೊಂದರಲ್ಲಿ ನಿದ್ದೆ ಜಾಸ್ತಿ. ಪರೀಕ್ಷೆಗೆ ಇಷ್ಟು ಸಾಕು. ಆದರೆ ಎಷ್ಟು ಲಾಭಕ್ಕೆ ಎಷ್ಟು ಅಪಾಯ ಎಂದು ಕೇಳಿದರೆ ಪೆನ್ನು ಹಿಡಿದು ಲೆಕ್ಕ ಹಾಕಲೇಬೇಕು. ಹಾಕಿದಾಗ ಉತ್ತರ ಸ್ವಲ್ಪ ಬೇರೆಯೇ ಬರುತ್ತದೆ.

ಒಂದು ಕಾರ್ಖಾನೆಯ ಲೆಕ್ಕ

ಕಾರ್ಕಳದ ಕಡೆಯ ಒಂದು ಮಧ್ಯಮ ಗಾತ್ರದ ಕಾರ್ಖಾನೆಯನ್ನು ಊಹಿಸಿಕೊಳ್ಳಿ. ಅಂಕಿಗಳು ಲೆಕ್ಕಕ್ಕಾಗಿ ನಾನೇ ಇಟ್ಟುಕೊಂಡವು, ಎಲ್ಲವೂ ಲಕ್ಷ ರೂಪಾಯಿಗಳಲ್ಲಿ.

ಕಟ್ಟಡ, ಬಾಯ್ಲರ್, ಒಡೆಯುವ ಯಂತ್ರ, ಬೋರ್ಮಾ ಎಲ್ಲ ಸೇರಿ ಸ್ಥಿರ ಆಸ್ತಿ 200. ಮಾಲೀಕರ ಸ್ವಂತ ಬಂಡವಾಳ 150. ಇನ್ನು ಚಾಲ್ತಿ ಆಸ್ತಿ, ಅಂದರೆ ಬೀಜ, ತಿರುಳು, ಗಿರಾಕಿಗಳಿಂದ ಬರಬೇಕಾದ ಬಾಕಿ. ಇದು ವರ್ಷದುದ್ದಕ್ಕೂ ಏರುತ್ತದೆ, ಇಳಿಯುತ್ತದೆ. ಲೆಕ್ಕ ಸುಲಭವಾಗಲಿ ಎಂದು ಮೂರು ಮೂರು ತಿಂಗಳ ಸರಾಸರಿ ಇಟ್ಟುಕೊಳ್ಳೋಣ.

| ಅವಧಿ | ಚಾಲ್ತಿ ಆಸ್ತಿ | ಒಟ್ಟು ಆಸ್ತಿ | ಬೇಕಾದ ಸಾಲ |
|---|---|---|---|
| ಮಾರ್ಚ್–ಮೇ | 300 | 500 | 350 |
| ಜೂನ್–ಆಗಸ್ಟ್ | 400 | 600 | 450 |
| ಸೆಪ್ಟೆಂಬರ್–ನವೆಂಬರ್ | 200 | 400 | 250 |
| ಡಿಸೆಂಬರ್–ಫೆಬ್ರವರಿ | 100 | 300 | 150 |

ಇಲ್ಲಿ ನೋಡಬೇಕಾದದ್ದು ಚಾಲ್ತಿ ಆಸ್ತಿಯ ಕೊನೆಯ ಸಾಲು. ಎಷ್ಟೇ ಇಳಿದರೂ ಅದು 100ಕ್ಕಿಂತ ಕೆಳಗೆ ಹೋಗುವುದಿಲ್ಲ. ಕಾರ್ಖಾನೆ ನಡೆಯುತ್ತಿರುವಷ್ಟು ಕಾಲ ಈ 100 ಲಕ್ಷ ಒಂದಲ್ಲ ಒಂದು ರೂಪದಲ್ಲಿ ಒಳಗೇ ಸಿಕ್ಕಿಕೊಂಡಿರುತ್ತದೆ. ಇಂದು ಬೀಜ, ನಾಳೆ ತಿರುಳು, ನಾಡಿದ್ದು ಮುಂಬೈ ವ್ಯಾಪಾರಿಯ ಬಾಕಿ. ಹೆಸರಿಗೆ ಅದು ಚಾಲ್ತಿ ಆಸ್ತಿ, ನಡತೆಯಲ್ಲಿ ಬಾಯ್ಲರ್‌ನಷ್ಟೇ ಸ್ಥಿರ. ಇದನ್ನು ಕಾಯಂ ದುಡಿಯುವ ಬಂಡವಾಳ ಎನ್ನುತ್ತಾರೆ. ಅದರ ಮೇಲೆ ಬಂದು ಹೋಗುವುದು ಸೀಸನ್ ಭಾಗ: ಕ್ರಮವಾಗಿ 200, 300, 100, ಸೊನ್ನೆ.

ಈಗ ದರಗಳು. ದೀರ್ಘಾವಧಿ ಸಾಲಕ್ಕೆ, ಅಂದರೆ ಟರ್ಮ್ ಲೋನ್‌ಗೆ, 11%. ಬ್ಯಾಂಕಿನ ಕ್ಯಾಶ್ ಕ್ರೆಡಿಟ್, ಅಂದರೆ ಎಲ್ಲರೂ ಸಿ.ಸಿ. ಎನ್ನುವ ಖಾತೆ, ಅದಕ್ಕೆ 9%. ಕೈಯಲ್ಲಿ ಹೆಚ್ಚಾದ ಹಣವನ್ನು ಎಫ್.ಡಿ. ಇಟ್ಟರೆ 6%. ಬಡ್ಡಿ, ತೆರಿಗೆ ಕಳೆಯುವ ಮುಂಚಿನ ವರ್ಷದ ಲಾಭ 70.

ಅಗ್ರೆಸಿವ್ ಮಾಲೀಕರು ಟರ್ಮ್ ಲೋನ್ ತೆಗೆದುಕೊಳ್ಳುವುದು ಬರೀ 50. ಅದು ಸ್ವಂತ ಬಂಡವಾಳದ ಜೊತೆ ಸೇರಿ ಸ್ಥಿರ ಆಸ್ತಿಗೆ ಸರಿಹೋಯಿತು. ಚಾಲ್ತಿ ಆಸ್ತಿಯಷ್ಟೂ ಅಲ್ಪಾವಧಿ ಸಾಲದಲ್ಲಿ: 300, 400, 200, 100. ವರ್ಷದ ಸರಾಸರಿ 250. ಬಡ್ಡಿ: 50ಕ್ಕೆ 5.5, 250ಕ್ಕೆ 22.5. ಒಟ್ಟು 28.

ನಡುದಾರಿಯವರು ಟರ್ಮ್ ಲೋನ್ 150 ತೆಗೆದುಕೊಳ್ಳುತ್ತಾರೆ. ಸ್ಥಿರ ಆಸ್ತಿಯೂ ಆಯಿತು, ಕಾಯಂ 100 ಲಕ್ಷವೂ ಆಯಿತು. ಸೀಸನ್ ಭಾಗ ಮಾತ್ರ ಸಿ.ಸಿ.ಯಲ್ಲಿ, ಸರಾಸರಿ 150. ಬಡ್ಡಿ 16.5 ಮತ್ತು 13.5, ಒಟ್ಟು 30.

ಕನ್ಸರ್ವೇಟಿವ್ ಮಾಲೀಕರು ಒಮ್ಮೆಗೇ 400 ದೀರ್ಘಾವಧಿ ಸಾಲ ಎತ್ತಿಟ್ಟುಕೊಳ್ಳುತ್ತಾರೆ. ಸಿ.ಸಿ. ಮುಟ್ಟುವುದು ಜೂನ್–ಆಗಸ್ಟ್‌ನಲ್ಲಿ ಮಾತ್ರ, ಅದೂ 50. ಉಳಿದ ಮೂರು ಅವಧಿಗಳಲ್ಲಿ 50, 150, 250 ಹೆಚ್ಚಾಗಿ ಕೈಯಲ್ಲಿ ಉಳಿಯುತ್ತದೆ, ಎಫ್.ಡಿ.ಗೆ ಹೋಗುತ್ತದೆ. ಬಡ್ಡಿ 44. ಸಿ.ಸಿ.ಗೆ ಸುಮಾರು 1.1. ಎಫ್.ಡಿ.ಯಿಂದ ವಾಪಸ್ಸು 6.75. ನಿವ್ವಳ ಸುಮಾರು 38.4.

ತೆರಿಗೆಗೆ ಮುಂಚಿನ ಲಾಭ ಅಗ್ರೆಸಿವ್‌ಗೆ 42, ನಡುದಾರಿಗೆ 40, ಕನ್ಸರ್ವೇಟಿವ್‌ಗೆ 31.6. ಸ್ವಂತ ಬಂಡವಾಳ 150ರ ಮೇಲೆ ಇದು ಕ್ರಮವಾಗಿ 28%, ಸುಮಾರು 27%, 21%. ಪುಸ್ತಕ ಹೇಳಿದ್ದು ನಿಜವೇ ಆಯಿತು, ಅಗ್ರೆಸಿವ್ ಮುಂದೆ.

ವ್ಯತ್ಯಾಸ ಬಂದದ್ದು ಎಲ್ಲಿಂದ

ಅಗ್ರೆಸಿವ್‌ಗೂ ಕನ್ಸರ್ವೇಟಿವ್‌ಗೂ ನಡುವೆ 10.4 ಲಕ್ಷದ ಅಂತರ. ಇದು ಬಡ್ಡಿದರದ ವ್ಯತ್ಯಾಸದಿಂದ ಬಂತು ಎಂದು ಹೆಚ್ಚಿನವರು ತಿಳಿಯುತ್ತಾರೆ. 11ಕ್ಕೂ 9ಕ್ಕೂ ಇರುವ ಎರಡು ಪರ್ಸೆಂಟ್ ತಾನೇ? ಬಿಡಿಸಿ ನೋಡಿದರೆ ಹಾಗಿಲ್ಲ.

ಕನ್ಸರ್ವೇಟಿವ್ ಮಾಲೀಕರು 350 ಲಕ್ಷ ಹೆಚ್ಚು ದೀರ್ಘಾವಧಿ ಸಾಲ ಹೊತ್ತಿದ್ದಾರೆ. ಸರಾಸರಿ ತೆಗೆದುಕೊಂಡರೆ ಅದರಲ್ಲಿ 237.5 ಲಕ್ಷ ಸಿ.ಸಿ.ಯ ಜಾಗದಲ್ಲಿ ನಿಂತಿದೆ. ಎರಡು ಪರ್ಸೆಂಟ್ ಲೆಕ್ಕದಲ್ಲಿ ಅದರ ಹೆಚ್ಚುವರಿ ಖರ್ಚು 4.75. ಮಿಕ್ಕ 112.5 ಲಕ್ಷ ಸುಮ್ನೆ ಕೂತಿದೆ. 11 ಕೊಟ್ಟು ತಂದು 6ಕ್ಕೆ ಇಟ್ಟ ಹಣ ಅದು. ಐದು ಪರ್ಸೆಂಟ್ ಲೆಕ್ಕದಲ್ಲಿ ನಷ್ಟ 5.6. ಅಂದರೆ ಅಂತರದ ಅರ್ಧಕ್ಕಿಂತ ಜಾಸ್ತಿ ಭಾಗ ಬಂದದ್ದು ದರದಿಂದಲ್ಲ, ಕೆಲಸವಿಲ್ಲದೆ ಕೂತ ಹಣದಿಂದ.

ಇದು ನಮ್ಮಲ್ಲಿ ಇನ್ನೂ ಮುಖ್ಯ. ಅಲ್ಪಾವಧಿ ಸಾಲ ಯಾವಾಗಲೂ ಅಗ್ಗ ಎಂಬುದು ಪುಸ್ತಕದ ಊಹೆ. ಸಣ್ಣ ಉದ್ಯಮಗಳಿಗೆ ಎಷ್ಟೋ ಸಲ ಸಿ.ಸಿ. ದರವೂ ಟರ್ಮ್ ಲೋನ್ ದರವೂ ಹತ್ತಿರ ಹತ್ತಿರ ಇರುತ್ತವೆ, ಕೆಲವೊಮ್ಮೆ ತಿರುಗುಮುರುಗಾಗಿಯೂ ಇರುತ್ತವೆ. ಆದರೂ ಸಿ.ಸಿ. ಲಾಭಕರ, ಯಾಕೆಂದರೆ ಬಳಸಿದ ಹಣಕ್ಕೆ, ಬಳಸಿದ ದಿನಕ್ಕೆ ಮಾತ್ರ ಬಡ್ಡಿ. ಸಂಜೆ ಚೆಕ್ ಜಮಾ ಆದರೆ ಆ ರಾತ್ರಿಯಿಂದಲೇ ಬಡ್ಡಿ ಕಡಿಮೆ. ಈ ಸೌಲಭ್ಯ ಟರ್ಮ್ ಲೋನ್‌ನಲ್ಲಿ ಇಲ್ಲ.

ಈಗ ಇನ್ನೊಂದು ಕಡೆಯಿಂದ ನೋಡಿ. ಕನ್ಸರ್ವೇಟಿವ್‌ನಿಂದ ನಡುದಾರಿಗೆ ಬಂದರೆ ಉಳಿಯುವುದು 8.4. ನಡುದಾರಿಯಿಂದ ಅಗ್ರೆಸಿವ್‌ಗೆ ಹೋದರೆ ಉಳಿಯುವುದು ಬರೀ 2. ಕೂತ ಹಣ ನಡುದಾರಿಗೆ ಬಂದಾಗಲೇ ಕರಗಿಹೋಗಿದೆ. ಅಲ್ಲಿಂದ ಮುಂದಿನ ಹೆಜ್ಜೆಗೆ ಉಳಿದಿರುವುದು ಎರಡು ಪರ್ಸೆಂಟ್ ದರದ ವ್ಯತ್ಯಾಸ ಮಾತ್ರ. ಈ ಎರಡು ಲಕ್ಷವನ್ನು ನೆನಪಿಟ್ಟುಕೊಳ್ಳಿ.

ಜುಲೈನಲ್ಲಿ ಬ್ಯಾಂಕಿನಿಂದ ಫೋನ್

ಲಿಕ್ವಿಡಿಟಿ ರಿಸ್ಕ್ ಅಂದರೆ ನಷ್ಟವಾಗುವ ಅಪಾಯ ಅಂತಲ್ಲ. ಕೊಡಬೇಕಾದ ದಿನ ಕೈಯಲ್ಲಿ ಹಣ ಇಲ್ಲದಿರುವ ಅಪಾಯ. ಲಾಭದಲ್ಲಿರುವ ಕಾರ್ಖಾನೆಗೂ ಇದು ಬರಬಹುದು. ಗೋದಾಮಿನ ತುಂಬ ಸರಕಿದ್ದಾಗಲೇ ಜಾಸ್ತಿ ಬರುತ್ತದೆ.

ಬರುವ ದಾರಿ ಹೀಗಿದೆ. ಬ್ಯಾಂಕು ಸಿ.ಸಿ. ಮಿತಿ ಅಂತ ಒಂದು ಮೊತ್ತ ಮಂಜೂರು ಮಾಡಿರುತ್ತದೆ. ಆದರೆ ಆ ಮೊತ್ತ ಪೂರ್ತಿ ಯಾವಾಗಲೂ ಸಿಗುವುದಿಲ್ಲ. ಪ್ರತಿ ತಿಂಗಳು ಸ್ಟಾಕ್ ಸ್ಟೇಟ್‌ಮೆಂಟ್ ಕೊಡಬೇಕು. ಸರಕಿನ ಬೆಲೆಯಿಂದ ಮಾಲೀಕರೇ ಹಾಕಬೇಕಾದ ಪಾಲು, ಅಂದರೆ ಮಾರ್ಜಿನ್ ಕಳೆದು, ಈ ತಿಂಗಳು ಎಷ್ಟು ಎತ್ತಬಹುದು ಎಂದು ಬ್ಯಾಂಕು ಲೆಕ್ಕ ಹಾಕುತ್ತದೆ. ಅದಕ್ಕೆ ಡ್ರಾಯಿಂಗ್ ಪವರ್ ಅನ್ನುತ್ತಾರೆ. ಮಾರ್ಜಿನ್ 25% ಎಂದಿಟ್ಟುಕೊಂಡರೆ 400 ಲಕ್ಷದ ಸರಕಿಗೆ ಡ್ರಾಯಿಂಗ್ ಪವರ್ 300.

ಹಾಗಾದರೆ ಅಗ್ರೆಸಿವ್ ಮಾಲೀಕರು 400 ಸಾಲ ಎಲ್ಲಿಂದ ತಂದರು? 300 ಬ್ಯಾಂಕಿನದು. ಮಿಕ್ಕ 100 ಬೀಜದ ದಲ್ಲಾಳಿಗಳ ಉದ್ದರಿ, ಪರಿಚಯದವರ ಕೈಸಾಲ. ಎಲ್ಲಕ್ಕೂ 9% ಅಂತ ಮೇಲೆ ಲೆಕ್ಕ ಹಾಕಿದೆವು. ಅದರಲ್ಲಿ ಒಂದು ಮೋಸವಿದೆ, ಆಮೇಲೆ ಹೇಳುತ್ತೇನೆ.

ಜುಲೈನಲ್ಲಿ ಬೆಲೆ 10% ಇಳಿಯಿತು ಅಂದುಕೊಳ್ಳಿ. ಆಫ್ರಿಕಾದ ಬೀಜ ಅಗ್ಗಕ್ಕೆ ಬಂದಿರಬಹುದು, ತಿರುಳಿಗೆ ಬೇಡಿಕೆ ಕುಸಿದಿರಬಹುದು. 400ರ ಸರಕು 360 ಆಯಿತು. ಈ 40 ಲಕ್ಷದ ನಷ್ಟ ಮೂವರಿಗೂ ಒಂದೇ. ಸಾಲ ಯಾವುದಾದರೇನು, ಬೀಜದ ಬೆಲೆ ಎಲ್ಲರಿಗೂ ಇಳಿದಿದೆ. ಇಲ್ಲಿ ಬಹಳ ಜನ ಎಡವುತ್ತಾರೆ. ಬೆಲೆ ಕುಸಿತದ ನಷ್ಟವನ್ನೆಲ್ಲ ಅಗ್ರೆಸಿವ್ ನೀತಿಯ ತಲೆಗೆ ಕಟ್ಟುತ್ತಾರೆ. ನೀತಿಯ ತಪ್ಪು ಶುರುವಾಗುವುದು ಇದರ ನಂತರ.

360ಕ್ಕೆ ಡ್ರಾಯಿಂಗ್ ಪವರ್ 270. ಖಾತೆಯಲ್ಲಿ 300 ಇದೆ. ಬ್ಯಾಂಕಿನಿಂದ ಫೋನ್: 30 ಲಕ್ಷ ತುಂಬಿ. ಬೆಲೆ ಇಳಿದ ಸುದ್ದಿ ದಲ್ಲಾಳಿಗಳಿಗೆ ಬ್ಯಾಂಕಿಗಿಂತ ಮೊದಲೇ ಗೊತ್ತು. ಅವರೂ ಬಂದು ಕೂರುತ್ತಾರೆ: ನಮ್ಮ 100 ಕೊಡಿ. ಅಗ್ರೆಸಿವ್ ಮಾಲೀಕರು ಕೆಲವೇ ವಾರಗಳಲ್ಲಿ 130 ಲಕ್ಷ ಹೊಂದಿಸಬೇಕು.

ಎಲ್ಲಿಂದ? ಬಾಯ್ಲರ್ ಮಾರಲು ಆಗುವುದಿಲ್ಲ. ಬೀಜವನ್ನೇ ಮಾರಬೇಕು. ಬೀಜ ಬಿಟ್ಟಂತೆ ಡ್ರಾಯಿಂಗ್ ಪವರ್ ಇನ್ನಷ್ಟು ಇಳಿಯುತ್ತದೆ, ಲೆಕ್ಕ ಸುಲಭವಾಗಲಿ ಎಂದು ಅದನ್ನು ಇಲ್ಲಿ ಬಿಟ್ಟಿದ್ದೇನೆ. ಆ ಹೊತ್ತಿಗೆ ಊರಿನ ಇನ್ನೂ ನಾಲ್ಕು ಜನ ಅದೇ ಕೆಲಸದಲ್ಲಿರುತ್ತಾರೆ, ಕೊಳ್ಳುವವನಿಗೆ ಅದು ಗೊತ್ತಿರುತ್ತದೆ. ಇಳಿದ ಬೆಲೆಗಿಂತ ಇನ್ನೂ 15% ಕೆಳಗೆ ಕೇಳುತ್ತಾನೆ ಎಂದಿಟ್ಟುಕೊಳ್ಳಿ. 130 ಕೈಗೆ ಬರಬೇಕಾದರೆ 153 ಲಕ್ಷದ ಸರಕು ಬಿಡಬೇಕು. ಅಲ್ಲಿಗೆ 23 ಹೋಯಿತು. ಜೊತೆಗೆ ಆ ಬೀಜವನ್ನು ಒಡೆದು ತಿರುಳು ಮಾಡಿ ಮಾರಿದ್ದರೆ ಸರಕಿನ ಬೆಲೆಯ 11% ಗಳಿಕೆ ಸಿಗುತ್ತಿತ್ತು ಅನ್ನೋಣ. ಅದು ಸುಮಾರು 17. ಒಟ್ಟು 40 ಲಕ್ಷ. ಡಿಸೆಂಬರಿನಲ್ಲಿ ಒಡೆಯಲು ಬೀಜವಿಲ್ಲದೆ ಹೆಂಗಸರನ್ನು ಮನೆಗೆ ಕಳಿಸಿದ್ದು, ಮುಂದಿನ ವರ್ಷ ಅವರು ಬೇರೆ ಕಾರ್ಖಾನೆಗೆ ಹೋದದ್ದು ಈ ಲೆಕ್ಕದಲ್ಲಿ ಇಲ್ಲ.

ನಡುದಾರಿಯವರ ಸಿ.ಸಿ.ಯೂ ಜೂನ್–ಆಗಸ್ಟ್‌ನಲ್ಲಿ 300. ಅವರಿಗೂ 30 ತುಂಬಬೇಕು. ಆದರೆ ಬಾಗಿಲಲ್ಲಿ ದಲ್ಲಾಳಿ ಇಲ್ಲ. 35 ಲಕ್ಷದ ಸರಕು ಬಿಟ್ಟರೆ ಸಾಕು. ಅದೇ ರೀತಿ ಲೆಕ್ಕ ಹಾಕಿದರೆ ಪೆಟ್ಟು 9 ಲಕ್ಷ. ಕನ್ಸರ್ವೇಟಿವ್‌ರ ಸಿ.ಸಿ. 50, ಡ್ರಾಯಿಂಗ್ ಪವರ್ 270. ಅವರಿಗೆ ಫೋನೇ ಬರುವುದಿಲ್ಲ.

ಕೆಟ್ಟ ವರ್ಷದ ಕೊನೆಗೆ, ಬೆಲೆ ಕುಸಿತದ 40ನ್ನೂ ಸೇರಿಸಿ, ಅಗ್ರೆಸಿವ್‌ಗೆ 38 ನಷ್ಟ, ನಡುದಾರಿಗೆ 9 ನಷ್ಟ, ಕನ್ಸರ್ವೇಟಿವ್‌ಗೆ 8.4 ನಷ್ಟ. ಕೊನೆಯ ಎರಡನ್ನು ಇನ್ನೊಮ್ಮೆ ನೋಡಿ. ಹೆಚ್ಚುಕಡಿಮೆ ಒಂದೇ. ಕನ್ಸರ್ವೇಟಿವ್ ಮಾಲೀಕರು ಪ್ರತಿ ವರ್ಷ 8.4 ಲಕ್ಷ ಪ್ರೀಮಿಯಂ ಕಟ್ಟಿ, ಕೆಟ್ಟ ವರ್ಷದಲ್ಲಿ 9 ಲಕ್ಷದ ಪರಿಹಾರ ಪಡೆದ ಹಾಗಾಯಿತು. ಇಂಥ ವಿಮೆಯನ್ನು ಯಾರೂ ಕೊಳ್ಳುವುದಿಲ್ಲ ಅಲ್ವಾ?

ಎಷ್ಟು ವರ್ಷಕ್ಕೊಮ್ಮೆ?

ನಿರೀಕ್ಷಿತ ಲಾಭ ಅಂದರೆ ಒಳ್ಳೆಯ ವರ್ಷವನ್ನೂ ಕೆಟ್ಟ ವರ್ಷವನ್ನೂ ಅವುಗಳ ಸಾಧ್ಯತೆಗೆ ತಕ್ಕಂತೆ ತೂಗಿದ ಸರಾಸರಿ. ಬೆಲೆ ಕುಸಿತದ ನಷ್ಟ ಎಲ್ಲರಿಗೂ ಒಂದೇ ಆದ್ದರಿಂದ ಅದನ್ನು ಪಕ್ಕಕ್ಕಿಡಬಹುದು. ಕೆಟ್ಟ ವರ್ಷದ ಸಾಧ್ಯತೆಯನ್ನು p ಎಂದರೆ:

```
ಅಗ್ರೆಸಿವ್    : 42 − 40p
ನಡುದಾರಿ     : 40 − 9p
ಕನ್ಸರ್ವೇಟಿವ್ : 31.6
```

ಎರಡು ತುದಿಗಳನ್ನು ಮಾತ್ರ ಹೋಲಿಸಿದರೆ, 10.4 ಭಾಗಿಸು 40, ಅಂದರೆ 26%. ಕೆಟ್ಟ ವರ್ಷ ನಾಲ್ಕು ವರ್ಷಕ್ಕೊಮ್ಮೆಗಿಂತ ಅಪರೂಪವಾದರೆ ಅಗ್ರೆಸಿವ್ ಗೆಲ್ಲುತ್ತದೆ. ಇಷ್ಟಕ್ಕೇ ನಿಂತರೆ ಅಗ್ರೆಸಿವ್ ಒಳ್ಳೆಯದು ಎಂದೇ ಅನ್ನಿಸುತ್ತದೆ.

ಆದರೆ ಹೆಜ್ಜೆ ಹೆಜ್ಜೆಯಾಗಿ ಹೋಲಿಸಿ. ನಡುದಾರಿಯಿಂದ ಅಗ್ರೆಸಿವ್‌ಗೆ ಹೋಗುವಾಗ ಸಿಗುವುದು ಆ 2 ಲಕ್ಷ. ಕೆಟ್ಟ ವರ್ಷದಲ್ಲಿ ಹೆಚ್ಚಾಗಿ ಕಳೆದುಕೊಳ್ಳುವುದು 31. ಎರಡನ್ನೂ ಭಾಗಿಸಿದರೆ 6.5%. ಕೆಟ್ಟ ವರ್ಷ ಹದಿನೈದು ವರ್ಷಕ್ಕೊಮ್ಮೆಗಿಂತ ಬೇಗ ಬಂದರೂ ಸಾಕು, ಆ ಕೊನೆಯ ಹೆಜ್ಜೆ ನಷ್ಟದ್ದು. ಅದೇ ಕನ್ಸರ್ವೇಟಿವ್‌ನಿಂದ ನಡುದಾರಿಗೆ ಬರುವ ಹೆಜ್ಜೆ, ಹತ್ತರಲ್ಲಿ ಒಂಬತ್ತು ವರ್ಷ ಕೆಟ್ಟದಾಗಿದ್ದರೂ ಲಾಭದ್ದೇ.

ಹೀಗಾಗಿ ಅಗ್ರೆಸಿವ್ ಬೇಕೋ ಕನ್ಸರ್ವೇಟಿವ್ ಬೇಕೋ ಎಂಬ ಪ್ರಶ್ನೆಯೇ ನನಗೆ ಸ್ವಲ್ಪ ವಕ್ರ ಅನ್ನಿಸುತ್ತದೆ. ಸೀಸನ್ ಭಾಗವನ್ನು ಅಲ್ಪಾವಧಿ ಸಾಲಕ್ಕೆ ತರುವುದರಲ್ಲಿ ಲಾಭ ದೊಡ್ಡದು, ಅಪಾಯ ಸಣ್ಣದು. ಕಾಯಂ ಭಾಗವನ್ನೂ ಅಲ್ಲಿಗೆ ತಂದರೆ ಲಾಭ ಚಿಲ್ಲರೆ, ಅಪಾಯ ದೊಡ್ಡದು. ಸೀಸನ್ ಸಾಲ ತನ್ನಷ್ಟಕ್ಕೆ ತೀರುತ್ತದೆ. ತಿರುಳು ಮಾರಿದ ಹಣವೇ ಅದನ್ನು ತೀರಿಸುತ್ತದೆ. ಕಾಯಂ ಭಾಗದ ಅಲ್ಪಾವಧಿ ಸಾಲ ಎಂದೂ ತಾನಾಗಿ ತೀರುವುದಿಲ್ಲ. ಒಬ್ಬ ಕೊಟ್ಟವನಿಗೆ ತೀರಿಸಲು ಇನ್ನೊಬ್ಬನ ಹತ್ತಿರ ತರಬೇಕು, ಪ್ರತಿ ಸಲವೂ.

ಇನ್ನೂ ಒಂದು ಹೆಜ್ಜೆ ಹೋಗಿ ನೋಡೋಣ. ನಡುದಾರಿಯವರು ಟರ್ಮ್ ಲೋನ್ 150ರ ಬದಲು 180 ತೆಗೆದುಕೊಂಡರೆ? 30 ಲಕ್ಷಕ್ಕೆ 3.3 ಬಡ್ಡಿ. ಮೂರು ಅವಧಿಗಳಲ್ಲಿ ಸಿ.ಸಿ. ಅಷ್ಟು ಕಡಿಮೆ ಬಳಸುವುದರಿಂದ ಸುಮಾರು 2 ಉಳಿಯುತ್ತದೆ. ಉಳಿದ ಒಂದು ಅವಧಿ ಎಫ್.ಡಿ.ಯಿಂದ 45 ಸಾವಿರ. ನಿವ್ವಳ ಹೆಚ್ಚುವರಿ ಖರ್ಚು ವರ್ಷಕ್ಕೆ ಎಂಬತ್ತೆರಡು ಸಾವಿರದ ಚಿಲ್ಲರೆ. ಪ್ರತಿಯಾಗಿ ಸಿ.ಸಿ. ಗರಿಷ್ಠ 270. ಬೆಲೆ 10% ಇಳಿದರೂ ಡ್ರಾಯಿಂಗ್ ಪವರ್‌ನೊಳಗೇ. 9 ಲಕ್ಷದ ಪೆಟ್ಟು ಇಲ್ಲ. ಕೆಟ್ಟ ವರ್ಷ ಹನ್ನೊಂದು ವರ್ಷಕ್ಕೊಮ್ಮೆಗಿಂತ ಬೇಗ ಬರುವುದಾದರೆ ಈ ದಿಂಬು ಲಾಭದ್ದು. ಹನ್ನೊಂದು ವರ್ಷದಲ್ಲಿ ಬೆಲೆ ಹತ್ತು ಪರ್ಸೆಂಟ್ ಇಳಿಯುವುದು ಒಂದೇ ಸಲ ಎಂದು ನಂಬುವ ಬೀಜದ ವ್ಯಾಪಾರಿ ನನಗಂತೂ ಇನ್ನೂ ಸಿಕ್ಕಿಲ್ಲ.

ಆ ಮೋಸ, ಮತ್ತು ಇನ್ನೆರಡು

ದಲ್ಲಾಳಿಯ ಉದ್ದರಿ 9%ಕ್ಕೆ ಸಿಗುವುದಿಲ್ಲ. ಬಡ್ಡಿ ಅಂತ ಹೇಳದಿದ್ದರೂ ಕ್ವಿಂಟಾಲ್ ಬೆಲೆಯಲ್ಲೇ ಅದು ಸೇರಿರುತ್ತದೆ. ತಿಂಗಳಿಗೆ ಒಂದೂವರೆ ಪರ್ಸೆಂಟ್ ಎಂದು ಹಿಡಿಯಿರಿ, ವರ್ಷಕ್ಕೆ 18%. ಬ್ಯಾಂಕು 75% ಮಾತ್ರ ಕೊಡುವುದರಿಂದ ಅಗ್ರೆಸಿವ್ ಮಾಲೀಕರು ಹೊರಗಿನಿಂದ ತರುವುದು ನಾಲ್ಕು ಅವಧಿಗಳಲ್ಲಿ 75, 100, 50, 25. ಸರಾಸರಿ 62.5. ಇದಕ್ಕೆ ಹೆಚ್ಚುವರಿ 9% ಅಂದರೆ 5.6 ಲಕ್ಷ. ಅಗ್ರೆಸಿವ್‌ರ ಒಟ್ಟು ಬಡ್ಡಿ 28 ಅಲ್ಲ, 33.6. ನಡುದಾರಿಯ 30ಕ್ಕಿಂತ ಜಾಸ್ತಿ! ಒಳ್ಳೆಯ ವರ್ಷದಲ್ಲೂ ಅಗ್ರೆಸಿವ್ ಸೋತಿತು. ಅಪಾಯ ಹೊತ್ತದ್ದಕ್ಕೆ ಕೂಲಿಯೂ ಸಿಗಲಿಲ್ಲ.

ಈ 25% ಆಕಸ್ಮಿಕ ಅಂಕಿಯಲ್ಲ. 1974ರಲ್ಲಿ ರಿಸರ್ವ್ ಬ್ಯಾಂಕ್ ನೇಮಿಸಿದ ಟಂಡನ್ ಸಮಿತಿ, ಬ್ಯಾಂಕುಗಳು ದುಡಿಯುವ ಬಂಡವಾಳಕ್ಕೆ ಎಷ್ಟು ಕೊಡಬಹುದು ಎಂದು ಮೂರು ವಿಧಾನ ಹೇಳಿತು. ಎರಡನೆಯ ವಿಧಾನದಲ್ಲಿ ಚಾಲ್ತಿ ಆಸ್ತಿಯ ಕಾಲು ಭಾಗ ದೀರ್ಘಾವಧಿ ಹಣದಿಂದಲೇ ಬರಬೇಕು. ಹಾಗೆ ಮಾಡಿದರೆ ಕರೆಂಟ್ ರೇಶಿಯೋ, ಅಂದರೆ ಚಾಲ್ತಿ ಆಸ್ತಿಯನ್ನು ಅಲ್ಪಾವಧಿ ಸಾಲದಿಂದ ಭಾಗಿಸಿದ ಅಂಕಿ, 1.33 ಆಗುತ್ತದೆ. ನಮ್ಮ ನಡುದಾರಿಯವರದ್ದು ಜೂನ್–ಆಗಸ್ಟ್‌ನಲ್ಲಿ 400 ಭಾಗಿಸು 300, ಅದೇ 1.33. ಸಾಲ ಕೇಳಲು ಹೋದವರಿಗೆ ಬ್ಯಾಂಕಿನವರು ಈ ಅಂಕಿಯನ್ನು ಇಂದಿಗೂ ಹೇಳುತ್ತಾರೆ. ಸುಮ್ನೆ ಕಾಡಿಸುವ ನಿಯಮ ಎಂದು ಬೈದುಕೊಳ್ಳುವವರು ಬಹಳ. ನಿಜವಾಗಿ ಅದು ಆ ಕೊನೆಯ ಹೆಜ್ಜೆ ಇಡದಂತೆ ಹಾಕಿದ ಬೇಲಿ.

ಎರಡನೆಯದು ಕನ್ಸರ್ವೇಟಿವ್ ಕಡೆಯ ಮೋಸ. ಪುಸ್ತಕದಲ್ಲಿ ದೀರ್ಘಾವಧಿ ಸಾಲ ಅಂದರೆ ಕೊನೆಯಲ್ಲಿ ಒಮ್ಮೆಗೇ ತೀರಿಸುವ ಬಾಂಡ್. ಸಣ್ಣ ಕಾರ್ಖಾನೆಗೆ ಬಾಂಡ್ ಯಾರು ಕೊಳ್ಳುತ್ತಾರೆ? ಸಿಗುವುದು ಕಂತು ಕಟ್ಟುವ ಟರ್ಮ್ ಲೋನ್. 400 ಲಕ್ಷವನ್ನು ಏಳು ವರ್ಷದಲ್ಲಿ ತೀರಿಸಬೇಕಾದರೆ ವರ್ಷಕ್ಕೆ ಅಸಲೇ 57. ಲಾಭ 31.6ರಲ್ಲಿ ಕಾಲು ಭಾಗ ತೆರಿಗೆಗೆ ಹೋದರೆ 24 ಉಳಿಯಿತು. ಲೆಕ್ಕದಲ್ಲಿ ಕಳೆದರೂ ಕೈಯಿಂದ ಹೋಗದ ಖರ್ಚಾದ ಸವಕಳಿ 20 ಸೇರಿಸಿದರೂ 44. ಇನ್ನೂ 13 ಸಾಲದು. ಕೆಟ್ಟ ವರ್ಷ ಬರಬೇಕಾಗಿಯೇ ಇಲ್ಲ, ಪ್ರತಿ ವರ್ಷವೂ ಇಕ್ಕಟ್ಟು. ಭದ್ರತೆಗೆಂದು ತಂದ ಸಾಲವೇ ಕುತ್ತಿಗೆ ಹಿಡಿಯಿತು. ಅದಕ್ಕೇ ನಮ್ಮಲ್ಲಿ ನಿಜವಾದ ಕನ್ಸರ್ವೇಟಿವ್ ಹಣ ಅಂದರೆ ಕಂತಿಲ್ಲದ ಹಣ: ಮನೆಗೆ ಒಯ್ಯದೆ ಉಳಿಸಿದ ಲಾಭ, ಪಾಲುದಾರರು ಹಾಕಿದ ಬಂಡವಾಳ, ಕುಟುಂಬದವರು ವಾಪಸ್ಸು ಕೇಳದೆ ಬಿಟ್ಟ ಹಣ.

ಮೂರನೆಯದು ಬಡ್ಡಿದರ. ದೀರ್ಘಾವಧಿ ಸಾಲ ತೆಗೆದುಕೊಂಡರೆ ದರ ಏರಿದರೂ ಚಿಂತೆಯಿಲ್ಲ ಎನ್ನುತ್ತಾರೆ. ಸ್ಥಿರ ದರದ ಸಾಲಕ್ಕೆ ಅದು ನಿಜ. ಆದರೆ 2019ರ ಅಕ್ಟೋಬರ್‌ನಿಂದ ಸಣ್ಣ ಉದ್ಯಮಗಳಿಗೆ ಬ್ಯಾಂಕುಗಳು ಕೊಡುವ ಹೊಸ ಫ್ಲೋಟಿಂಗ್ ಸಾಲಗಳನ್ನೆಲ್ಲ, ಅಂದರೆ ದರ ಬದಲಾಗುವ ಸಾಲಗಳನ್ನೆಲ್ಲ, ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸಾಲ ಕೊಡುವ ರೆಪೋ ದರದಂಥ ಹೊರಗಿನ ಮಾನದಂಡಕ್ಕೆ ಕಟ್ಟಲಾಗಿದೆ. 2022ರ ಮೇಯಿಂದ 2023ರ ಫೆಬ್ರವರಿಯೊಳಗೆ ರೆಪೋ 4%ರಿಂದ 6.5%ಕ್ಕೆ ಏರಿದಾಗ ಇಂಥ ಟರ್ಮ್ ಲೋನ್‌ಗಳೂ ಜೊತೆಗೇ ಏರಿದವು. ಅದರಿಂದ ತಪ್ಪಿಸಿಕೊಂಡದ್ದು ಸ್ವಂತ ಬಂಡವಾಳ ಮಾತ್ರ. ಫ್ಲೋಟಿಂಗ್ ಟರ್ಮ್ ಲೋನ್ ಕಾಪಾಡುವುದು ದರದಿಂದಲ್ಲ, ನಡುವೆ ವಾಪಸ್ಸು ಕೇಳುವ ಅಪಾಯದಿಂದ.

ದೊಡ್ಡವರ ಮನೆಯಲ್ಲೂ ಇದೇ

ದೊಡ್ಡ ಕಂಪನಿಗಳಿಗೆ ದಲ್ಲಾಳಿ ಬೇಡ. ಕಮರ್ಷಿಯಲ್ ಪೇಪರ್ ಇದೆ. ಏಳು ದಿನದಿಂದ ಒಂದು ವರ್ಷದೊಳಗಿನ ಸಾಲಪತ್ರ ಅದು. ಮ್ಯೂಚುವಲ್ ಫಂಡ್‌ಗಳು ಕೊಳ್ಳುತ್ತವೆ, ದರವೂ ಅಗ್ಗ. ಅಲ್ಲಿ ಕೊನೆಯ ಹೆಜ್ಜೆಗೆ ನಿಜವಾಗಿಯೂ ಲಾಭ ಇರುವುದರಿಂದ ಆಸೆಯೂ ದೊಡ್ಡದು. 2018ರ ಸೆಪ್ಟೆಂಬರ್‌ನಲ್ಲಿ ಐಎಲ್ ಅಂಡ್ ಎಫ್ಎಸ್ ಸಮೂಹ ತನ್ನ ಕಮರ್ಷಿಯಲ್ ಪೇಪರ್ ತೀರಿಸಲಾಗದೆ ಕೈಚೆಲ್ಲಿತು. ರಸ್ತೆ, ಸುರಂಗಗಳಂಥ ಬಹುವರ್ಷದ ಯೋಜನೆಗಳಲ್ಲಿ ಹಣ ಹಾಕಿದ್ದ ಸಂಸ್ಥೆ ಅದು. ಅಕ್ಟೋಬರ್ 1ರಂದು ಸರ್ಕಾರದ ಕೋರಿಕೆಯ ಮೇರೆಗೆ ಅದರ ಆಡಳಿತ ಮಂಡಳಿಯೇ ಬದಲಾಯಿತು. ಕೊಳ್ಳುವವರು ಹೆದರಿ ಕೈ ಹಿಂದೆಳೆದಾಗ, ಪೇಪರ್ ತೀರಿಸಲು ಹೊಸ ಪೇಪರ್ ಮಾರುತ್ತಿದ್ದ ಬೇರೆ ಹಣಕಾಸು ಕಂಪನಿಗಳೂ ಉಸಿರುಗಟ್ಟಿದವು. ಅವುಗಳಲ್ಲಿ ಆವತ್ತು ಲಾಭದಲ್ಲಿದ್ದವೂ ಇದ್ದವು. ಜುಲೈನ ದಲ್ಲಾಳಿಯೇ, ಕೋಟು ತೊಟ್ಟು ಬಂದಿದ್ದ ಅಷ್ಟೆ.

ನಿಮ್ಮದು ಯಾವ ದಾರಿ ಎಂದು ತಿಳಿಯುವುದು

ಬೇಕೆಂದೇ ಅಗ್ರೆಸಿವ್ ಆದವರು ಕಡಿಮೆ. ಗೊತ್ತಿಲ್ಲದೆ ಆದವರೇ ಜಾಸ್ತಿ. ಸಾಮಾನ್ಯವಾಗಿ ನಡೆಯುವುದು ಹೀಗೆ: ಒಂದು ಒಳ್ಳೆಯ ವರ್ಷ ಹೊಸ ಸಿಪ್ಪೆ ತೆಗೆಯುವ ಯಂತ್ರ ಕೊಳ್ಳುತ್ತಾರೆ. ಟರ್ಮ್ ಲೋನ್‌ಗೆ ಕಾಗದಪತ್ರ ಯಾರು ಓಡಾಡುತ್ತಾರೆ ಎಂದು ಸಿ.ಸಿ.ಯಿಂದಲೇ ಚೆಕ್ ಬರೆಯುತ್ತಾರೆ. ಆ 20 ಲಕ್ಷ ಯಂತ್ರದೊಳಗೆ ಹೋಯಿತು, ತಿರುಳು ಮಾರಿದರೂ ಖಾತೆಗೆ ವಾಪಸ್ಸು ಬರುವುದಿಲ್ಲ. ಮುಂದಿನ ಮೇ ತಿಂಗಳಲ್ಲಿ ಬೀಜಕ್ಕೆ ಅಷ್ಟು ಕಡಿಮೆ ಬಿತ್ತು. ದಲ್ಲಾಳಿಯ ಉದ್ದರಿ ಶುರುವಾಗುವುದು ಅಲ್ಲಿಂದ.

ಪತ್ತೆ ಹಚ್ಚಲು ಮಾರ್ಚ್ 31ರ ಬ್ಯಾಲೆನ್ಸ್ ಶೀಟ್ ಸಾಲದು. ಆ ಹೊತ್ತಿಗೆ ಖರೀದಿ ಅರ್ಧದಲ್ಲಿರುತ್ತದೆ, ರೇಶಿಯೋ ಏನನ್ನೂ ಸರಿಯಾಗಿ ಹೇಳುವುದಿಲ್ಲ. ಸಿ.ಸಿ. ಖಾತೆಯ ಹನ್ನೆರಡು ತಿಂಗಳ ಸ್ಟೇಟ್‌ಮೆಂಟ್ ತೆಗೆದುಕೊಳ್ಳಿ. ಅದರಲ್ಲಿ ಸಾಲ ಅತಿ ಕಡಿಮೆ ಇದ್ದ ದಿನ ಹುಡುಕಿ. ಗೇರುಬೀಜದವರಿಗೆ ಅದು ಜನವರಿ ಅಥವಾ ಫೆಬ್ರವರಿ. ಆ ದಿನ ಬಾಕಿ ಸೊನ್ನೆಯ ಹತ್ತಿರ ಬಂದಿದ್ದರೆ ಸಿ.ಸಿ. ಸೀಸನ್‌ಗೆ ಮಾತ್ರ ಬಳಕೆಯಾಗಿದೆ. ಆ ದಿನವೂ 100 ಲಕ್ಷ ನಿಂತಿದ್ದರೆ, ಆ 100 ಹೆಸರಿಗಷ್ಟೇ ಅಲ್ಪಾವಧಿ ಸಾಲ. ಬಾಕಿಯ ತಳ ವರ್ಷದಿಂದ ವರ್ಷಕ್ಕೆ ಏರುತ್ತಿದ್ದರೆ ಇನ್ನೂ ಕೆಟ್ಟದ್ದು, ಎಲ್ಲೋ ಯಂತ್ರವೋ ನಷ್ಟವೋ ಮನೆ ಕಟ್ಟಿದ್ದೋ ಅದರೊಳಗೆ ಸೇರಿಕೊಳ್ಳುತ್ತಿದೆ.

ಆಮೇಲೆ ಸಾಲ ಅತಿ ಹೆಚ್ಚಿದ್ದ ದಿನ ನೋಡಿ, ಜೂನ್‌ನಲ್ಲಿ ಇರುತ್ತದೆ. ಆ ತಿಂಗಳ ಡ್ರಾಯಿಂಗ್ ಪವರ್‌ಗೂ ಬಾಕಿಗೂ ನಡುವೆ ಎಷ್ಟು ಜಾಗ ಉಳಿದಿತ್ತು? ಸರಕಿನ ಬೆಲೆ ಹತ್ತು ಪರ್ಸೆಂಟ್ ಇಳಿದರೆ ಡ್ರಾಯಿಂಗ್ ಪವರ್ ಕೂಡ ಹತ್ತು ಪರ್ಸೆಂಟ್ ಇಳಿಯುತ್ತದೆ. ಉಳಿದ ಜಾಗ ಅದಕ್ಕಿಂತ ಕಡಿಮೆಯಿದ್ದರೆ ಜುಲೈನ ಫೋನ್ ನಿಮಗೂ ಬರಬಹುದು. ಬಾಕಿ ಡ್ರಾಯಿಂಗ್ ಪವರ್ ಮೀರಿ ಸತತ 90 ದಿನ ನಿಂತರೆ ಖಾತೆ ಎನ್‌ಪಿಎ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ, ಆಗುತ್ತದೆ. ಜೂನ್ ಕೊನೆಗೆ ಮೀರಿದ ಖಾತೆಗೆ ಆ ಗಡುವು ಬೀಳುವುದು ಸೆಪ್ಟೆಂಬರ್ ಕೊನೆಗೆ, ದೀಪಾವಳಿಯ ಆರ್ಡರುಗಳ ಹಣ ಇನ್ನೂ ಕೈಗೆ ಬಂದಿರದ ಹೊತ್ತಿಗೆ.